ನಾಲ್ಕು ಬಾಜಿ, ಒಂದೇ ಚೀಟಿ: ಅಕ್ಯುಮುಲೇಟರ್‌ನ ಲೆಕ್ಕ

ಡ್ರಾ ಇಲ್ಲದ ಆಟ, ಎರಡೂ ಕಡೆ ಸಮಬಲ ಎಂದುಕೊಳ್ಳಿ. ಯಾರ ಮೇಲೆ ಕಟ್ಟಿದರೂ ನ್ಯಾಯವಾದ ಆಡ್ಸ್ 2.00, ಅಂದರೆ 100 ಕಟ್ಟಿ ಗೆದ್ದರೆ ಪಣವೂ ಸೇರಿ 200. ಬುಕ್‌ಮೇಕರ್ 1.91 ಕೊಡುತ್ತಾನೆ. ಹಾಗಾಗಿ 100 ಕಟ್ಟಿದವರಿಗೆ ಸರಾಸರಿಯಲ್ಲಿ ಮರಳುವುದು 95.5. ಉಳಿದ ನಾಲ್ಕೂವರೆ ಅವನ ಮಾರ್ಜಿನ್.

ಇಂಥ ನಾಲ್ಕು ಪಂದ್ಯಗಳನ್ನು ಒಂದೇ ಅಕ್ಯುಮುಲೇಟರ್‌ಗೆ, ಅಂದರೆ ಎಲ್ಲವೂ ಗೆದ್ದರೆ ಮಾತ್ರ ಹಣ ಸಿಗುವ ಒಂದು ಚೀಟಿಗೆ, ಸೇರಿಸಿದರೆ ಆಡ್ಸ್ ಒಂದಕ್ಕೊಂದು ಗುಣಿಸಿ 13.31 ಆಗುತ್ತದೆ. ನಾಲ್ಕೂ ಗೆಲ್ಲುವ ಸಾಧ್ಯತೆ 16ರಲ್ಲಿ ಒಂದು. ಅಂದರೆ ಸಿಗಬೇಕಿದ್ದುದು 16.00. ಆಡ್ಸ್ ಜೊತೆಗೆ ಕಡಿತವೂ ಗುಣಿಸಿಕೊಂಡಿದೆ: 0.955ರ ನಾಲ್ಕನೇ ಘಾತ 0.832. ನಿಮ್ಮ 100ರಲ್ಲಿ ಸರಾಸರಿ ನಷ್ಟ ಈಗ ಸುಮಾರು 17. ಎಂಟು ಪಂದ್ಯ ಸೇರಿಸಿದರೆ 31.

ಇದರಲ್ಲಿ ಗುಟ್ಟಾದ ಮೋಸವೇನೂ ಇಲ್ಲ. ಮೊದಲ ಪಂದ್ಯ ಗೆದ್ದರೆ ಬಂದ ಹಣವೆಲ್ಲ ತಾನಾಗಿ ಎರಡನೆಯದಕ್ಕೆ ಪಣವಾಗುತ್ತದೆ, ಅಲ್ಲಿಂದ ಮೂರನೆಯದಕ್ಕೆ. ಪ್ರತಿ ಸಲವೂ ಅದೇ ನಾಲ್ಕೂವರೆ ಶೇಕಡಾ ಕಡಿತ. ನೀವು ಕೈಯಿಂದ ಹಾಕಿದ್ದು 100 ಆದರೂ ಸರಾಸರಿಯಲ್ಲಿ ಪಣಕ್ಕೆ ಬೀಳುವ ಒಟ್ಟು ಮೊತ್ತ ಸುಮಾರು 374.

ಹಾಗಾದರೆ ಯಾವಾಗ ಕಟ್ಟಬಹುದು? ಪ್ರತಿಯೊಂದು ಆಯ್ಕೆಯಲ್ಲೂ ಬುಕ್‌ಮೇಕರ್ ತಪ್ಪಿದ್ದಾನೆ ಎನ್ನಲು ನಿಮಗೆ ಗಟ್ಟಿ ಕಾರಣವಿದ್ದರೆ ಲಾಭವೂ ಹೀಗೆಯೇ ಗುಣಿಸುತ್ತದೆ. ಆದರೆ ಅಂಥ ನಾಲ್ಕು ಒಟ್ಟಿಗೆ ಸಿಗುವುದು ಅಪರೂಪ. ಚೀಟಿ ತುಂಬಿಸಲೆಂದು ಸೇರಿಸಿದ ಒಂದು ದುರ್ಬಲ ಆಯ್ಕೆ ಉಳಿದವುಗಳ ಲಾಭವನ್ನು ತಿನ್ನುತ್ತದೆ. ಜೊತೆಗೆ ಬಹುಪಾಲು ಚೀಟಿಗಳು ಸೋಲುವುದರಿಂದ ಪಣವನ್ನು ಒಂಟಿ ಬಾಜಿಗಿಂತ ಬಹಳ ಚಿಕ್ಕದಾಗಿಯೇ ಇಡಬೇಕು.

ಲೆಕ್ಕ ನಿಜಕ್ಕೂ ತಿರುಗುವುದು ಬುಕ್‌ಮೇಕರ್ ತಾನೇ ಪಣ ಕೊಡುವ ಫ್ರೀ ಬೆಟ್‌ನಲ್ಲಿ. ಗೆದ್ದರೆ ಲಾಭ ಮಾತ್ರ ಕೊಟ್ಟು ಪಣದ ಮೊತ್ತ ಮರಳಿಸದ ಬಗೆಯದು ಅದು. 100ರ ಫ್ರೀ ಬೆಟ್ಟನ್ನು 1.91ರ ಒಂಟಿ ಪಂದ್ಯದಲ್ಲಿ ಬಳಸಿದರೆ ಅದರ ಬೆಲೆ 45.5 ಮಾತ್ರ: 91 ಲಾಭ, ಅದೂ ಎರಡು ಸಲದಲ್ಲಿ ಒಮ್ಮೆ. ಎರಡು ಪಂದ್ಯ ಸೇರಿಸಿದರೆ 66, ಮೂರಕ್ಕೆ 75, ನಾಲ್ಕಕ್ಕೆ 77. ಐದಕ್ಕೆ ಮತ್ತೆ 76ಕ್ಕೆ ಇಳಿಯುತ್ತದೆ. ಆಡ್ಸ್ ದೊಡ್ಡದಾದಷ್ಟೂ ಮರಳದ ಆ 100ರ ಪಾಲು ಚಿಕ್ಕದಾಗುತ್ತದೆ. ಒಂದು ಹಂತ ದಾಟಿದ ಮೇಲೆ ಗುಣಿಸಿದ ಮಾರ್ಜಿನ್ ಆ ಅನುಕೂಲವನ್ನು ನುಂಗುತ್ತದೆ. ಮಾರ್ಜಿನ್ ಹೆಚ್ಚಿರುವ ಕಡೆ ಈ ತುದಿ ನಾಲ್ಕಕ್ಕಿಂತ ಮೊದಲೇ ಬರುತ್ತದೆ.

‘ಗೆದ್ದರೆ ಲಾಭಕ್ಕೆ 10 ಶೇಕಡಾ ಹೆಚ್ಚು’ ಎಂಬ ಬೂಸ್ಟ್ ಬೇರೆ ಮಾತು. ಇದೇ ನಾಲ್ಕು ಪಂದ್ಯಗಳ ಚೀಟಿಗೆ ಅದನ್ನು ಸೇರಿಸಿದರೂ 100ಕ್ಕೆ ಸರಾಸರಿ ಮರಳುವುದು 91, ಅಂದರೆ ಒಂಟಿ ಬಾಜಿಗಿಂತ ಕಡಿಮೆ. ಸರಾಸರಿಯಲ್ಲಿ ಲಾಭವೂ ನಷ್ಟವೂ ಇಲ್ಲದಂತಾಗಲು ಬೂಸ್ಟ್ ಸುಮಾರು 22 ಶೇಕಡಾ ಇರಬೇಕು.