ಬಾಡಿಗೆ ಏರಿಕೆ ಒಪ್ಪದೆ ಮನೆ ಬಿಡುವಾಗ ಓನರ್‌ಗೆ ಬರೆಯುವ ಪತ್ರ

ಬೆಂಗಳೂರಿನಲ್ಲಿ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಅದು ಮುಗಿಯುವ ಒಂದೆರಡು ತಿಂಗಳ ಮೊದಲು ಓನರ್ ಹೊಸ ಬಾಡಿಗೆ ಹೇಳುತ್ತಾರೆ. ಕೈಗೆಟುಕದಿದ್ದರೆ ‘ಆಗಲ್ಲ ಸಾರ್’ ಎಂದು ಬಾಯಲ್ಲಿ ಹೇಳಿ ಬೇರೆ ಮನೆ ಹುಡುಕಲು ಹೊರಡುವವರೇ ಹೆಚ್ಚು. ಅಡ್ವಾನ್ಸ್ ಲೆಕ್ಕಕ್ಕೆ ಕೂತ ದಿನ ತಕರಾರು ಏಳುತ್ತದೆ: ನೋಟಿಸ್ ಕೊಟ್ಟಿದ್ದು ಯಾವತ್ತು? ಆ ಅವಧಿಗೆ ಹಳೆಯ ಬಾಡಿಗೆಯೋ, ಹೊಸದೋ? ಪತ್ರ ಬರೆಯುವುದು ಮುಖ್ಯವಾಗಿ ಈ ಎರಡಕ್ಕೆ ಉತ್ತರವನ್ನು ಮೊದಲೇ ಕಾಗದದ ಮೇಲೆ ಇಡುವುದಕ್ಕಾಗಿ.

ಒಂದು ಲೆಕ್ಕ ನೋಡೋಣ. ಬಾಡಿಗೆ 22,000 ರೂಪಾಯಿ, ಅಡ್ವಾನ್ಸ್ 1,50,000. ಕರಾರು 2026ರ ಮೇ 31ಕ್ಕೆ ಮುಗಿಯುತ್ತದೆ. ಏಪ್ರಿಲ್ 5ರಂದು ಓನರ್ ‘ಜೂನ್‌ನಿಂದ 26,000’ ಎನ್ನುತ್ತಾರೆ. ಬಾಡಿಗೆದಾರರು ಏಪ್ರಿಲ್ 10ರಂದು ಪತ್ರ ಕೊಡುತ್ತಾರೆ. ಕರಾರಿನಲ್ಲಿ ‘ಮನೆ ಬಿಡುವ ಎರಡು ತಿಂಗಳು ಮೊದಲು ನೋಟಿಸ್ ಕೊಡಬೇಕು’ ಎಂದಿದೆ. ಎರಡು ತಿಂಗಳು ತುಂಬುವುದು ಜೂನ್ 10ಕ್ಕೆ, ಅಂದರೆ ಕರಾರು ಮುಗಿದ ಹತ್ತು ದಿನಗಳ ನಂತರ.

ಇಲ್ಲಿ ಆ ಕಲಮನ್ನು ಅಕ್ಷರಶಃ ಓದಬೇಕು. ನೋಟಿಸ್ ‘ಅವಧಿಗೆ ಮುಂಚೆ ಬಿಡುವುದಾದರೆ’ ಎಂದಷ್ಟೇ ಇದ್ದರೆ ಮೇ 31ಕ್ಕೆ ಬಿಡಲು ಅದು ಅಡ್ಡಬರುವುದಿಲ್ಲ; ಅವಧಿ ತೀರಿದಾಗ ಗೇಣಿ ತಾನೇ ಕೊನೆಯಾಗುತ್ತದೆ ಎಂಬುದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 111ನೇ ಕಲಮಿನಲ್ಲೇ ಇದೆ. ಆದರೆ ಮೇಲಿನಂತೆ ‘ಮನೆ ಬಿಡುವ ಮೊದಲು’ ಎಂದಿದ್ದರೆ ಓನರ್ ಆ ಹತ್ತು ದಿನಗಳ ಬಾಡಿಗೆ ಕೇಳಬಹುದು. ಹಳೆಯ ದರದಲ್ಲಿ ಅದು 7,333 ರೂಪಾಯಿ, ಹೊಸ ದರದಲ್ಲಿ 8,667. ಯಾವ ದರ ಎಂದು ಪತ್ರದಲ್ಲಿ ಬರೆಯದೆ ಜೂನ್‌ನಲ್ಲಿ ಉಳಿದರೆ ‘ಹೊಸ ಬಾಡಿಗೆ ಹೇಳಿದ್ದೆ, ನೀವು ಉಳಿದಿರಿ, ಅಂದರೆ ಒಪ್ಪಿದಿರಿ’ ಎಂದು ವಾದಿಸಲು ದಾರಿಯಾಗುತ್ತದೆ. ಒಂದು ಸಲ 26,000 ಕಳಿಸಿಬಿಟ್ಟರೆ ಆ ವಾದ ಇನ್ನೂ ಗಟ್ಟಿ.

ಪತ್ರ ಹೀಗಿರಲಿ:

“ಮಾನ್ಯರೇ,
ವಿಷಯ: ಕರಾರು ನವೀಕರಿಸದೆ ಮನೆ ಖಾಲಿ ಮಾಡುವ ಬಗ್ಗೆ.
ಜೂನ್ 1ರಿಂದ ತಿಂಗಳಿಗೆ 26,000 ರೂಪಾಯಿಯಂತೆ ಕರಾರು ಮುಂದುವರಿಸುವುದಾಗಿ ತಾವು ಏಪ್ರಿಲ್ 5ರಂದು ತಿಳಿಸಿದ್ದೀರಿ. ಆ ಬಾಡಿಗೆ ನಮಗೆ ಹೊಂದುವುದಿಲ್ಲವಾದ್ದರಿಂದ ನವೀಕರಣಕ್ಕೆ ನಮ್ಮ ಒಪ್ಪಿಗೆ ಇಲ್ಲ. ಇದನ್ನೇ ನಮ್ಮ ಎರಡು ತಿಂಗಳ ನೋಟಿಸ್ ಎಂದು ಪರಿಗಣಿಸಿ. ಜೂನ್ 10ರಂದು ಮನೆ ಖಾಲಿ ಮಾಡಿ ಬೀಗದ ಕೈ ಒಪ್ಪಿಸುತ್ತೇವೆ. ಅಲ್ಲಿಯವರೆಗೆ ಈಗಿನ 22,000 ರೂಪಾಯಿ ದರದಲ್ಲೇ ಬಾಡಿಗೆ ಕೊಡುತ್ತೇವೆ. ಜೂನ್‌ನ ಹತ್ತು ದಿನಗಳಿಗೆ 7,333 ರೂಪಾಯಿ. ಮೇ 31ಕ್ಕೇ ಬಿಡುವುದು ತಮಗೆ ಅನುಕೂಲವಾದರೆ ಬರೆದು ತಿಳಿಸಿ, ಹಾಗೇ ಮಾಡುತ್ತೇವೆ. ಮನೆ ಒಪ್ಪಿಸುವ ದಿನ ಕರಾರಿನಂತೆ ಕಡಿತಗಳನ್ನು ಲೆಕ್ಕ ಹಾಕಿ 1,50,000 ರೂಪಾಯಿ ಅಡ್ವಾನ್ಸ್‌ನ ಉಳಿಕೆ ಹಿಂದಿರುಗಿಸಬೇಕಾಗಿ ವಿನಂತಿ. ಬೇಸಿಗೆಯಲ್ಲಿ ಬೋರ್ ಬತ್ತಿದಾಗ ಕೇಳುವ ಮೊದಲೇ ಟ್ಯಾಂಕರ್ ತರಿಸಿಕೊಟ್ಟಿರಿ. ಅದನ್ನು ಮರೆಯುವುದಿಲ್ಲ, ಧನ್ಯವಾದಗಳು.”

ಧನ್ಯವಾದಕ್ಕೆ ನಿಜವಾಗಿ ನಡೆದ ಒಂದು ಉಪಕಾರ ಸಾಕು. ಹೊಗಳಿಕೆ ಉದ್ದವಾದಷ್ಟೂ ‘ಇನ್ನೂ ಮಾತಾಡಿದರೆ ಒಪ್ಪುತ್ತಾರೆ’ ಎಂಬ ಭಾವನೆ ಬರುತ್ತದೆ. ‘24,000 ಆದರೆ ಇರುತ್ತೇವೆ’ ಎಂಬ ಮಾತು ಇದರೊಳಗೆ ಖಂಡಿತ ಬೇಡ. ಷರತ್ತು ಸೇರಿದ ಕೂಡಲೇ ಅದು ನೋಟಿಸೋ ಚೌಕಾಸಿಯೋ ಎಂಬ ಅನುಮಾನ ಹುಟ್ಟುತ್ತದೆ, ದಿನ ಎಣಿಸುವುದು ಎಲ್ಲಿಂದ ಎಂಬುದೂ ಗೊಂದಲ. ಚೌಕಾಸಿ ಮಾಡುವುದಿದ್ದರೆ ಪತ್ರಕ್ಕೆ ಮೊದಲೇ ಮುಗಿಸಿ.

ಕರಾರಿನಲ್ಲಿ ನೋಟಿಸ್ ಮಾತೇ ಇಲ್ಲದೆ, ಅವಧಿ ಮುಗಿದ ಮೇಲೂ ಬಾಡಿಗೆ ಕೊಡುತ್ತ, ಓನರ್ ಪಡೆಯುತ್ತ ಬಂದಿದ್ದರೆ ಅದು ಸಾಮಾನ್ಯವಾಗಿ ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆ. ಅದಕ್ಕೆ ಮೇಲಿನ ಕಾಯ್ದೆಯ 106ನೇ ಕಲಮಿನಂತೆ 15 ದಿನದ ನೋಟಿಸ್ ಸಾಕು. ಆ ದಿನಗಳನ್ನು ಎಣಿಸುವುದು ಪತ್ರ ತಲುಪಿದ ದಿನದಿಂದ, ಬರೆದ ದಿನದಿಂದಲ್ಲ.

ಆದ್ದರಿಂದ ತಲುಪಿದ್ದಕ್ಕೆ ಗುರುತು ಬೇಕು. ಎರಡು ಪ್ರತಿ ಒಯ್ದು ಒಂದರ ಮೇಲೆ ‘ತಲುಪಿದೆ’ ಎಂದು ತಾರೀಖಿನೊಂದಿಗೆ ಸಹಿ ಹಾಕಿಸಿಕೊಳ್ಳಿ. ಓನರ್ ಬೇರೆ ಊರಿನಲ್ಲಿದ್ದರೆ ಅಂಚೆಯಲ್ಲಿ ಸ್ವೀಕೃತಿಯೊಂದಿಗೆ ಕಳಿಸಿ, ಅದೇ ಪತ್ರದ ಫೋಟೋವನ್ನು ವಾಟ್ಸ್ಆ್ಯಪ್‌ನಲ್ಲೂ ಹಾಕಿ. ಅಂಚೆ ಸೇರಲು ಮೂರ್ನಾಲ್ಕು ದಿನವಾದರೆ ಖಾಲಿ ಮಾಡುವ ತಾರೀಖನ್ನೂ ಅಷ್ಟೇ ಮುಂದಿಟ್ಟು ಬರೆಯಿರಿ.

ಇನ್ನು ‘ಕೊನೆಯ ಎರಡು ತಿಂಗಳ ಬಾಡಿಗೆ ಅಡ್ವಾನ್ಸ್‌ನಲ್ಲಿ ವಜಾ ಮಾಡಿಕೊಳ್ಳಿ’ ಎಂದು ನೀವಾಗಿಯೇ ಬಾಡಿಗೆ ನಿಲ್ಲಿಸಬೇಡಿ. ಬಹುತೇಕ ಕರಾರುಗಳು ಅದನ್ನು ಒಪ್ಪುವುದಿಲ್ಲ, ಅಷ್ಟರಿಂದಲೇ ನೀವು ಬಾಕಿದಾರರಾಗುತ್ತೀರಿ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೆಂಗಳೂರಿನಲ್ಲಿ ರೂಢಿಯಾದರೂ ಕರಾರಿನಲ್ಲಿ ಬರೆದಿದೆಯೇ ನೋಡಿ. ಇದೇ ಉದಾಹರಣೆಯಲ್ಲಿ ಬರೆದಿದ್ದರೆ, ಜೂನ್‌ನ ಬಾಡಿಗೆ ಮತ್ತು ಕರೆಂಟ್ ಬಿಲ್ ಬೇರೆಯಾಗಿ ಕಟ್ಟಿದ ಮೇಲೆ ವಾಪಸ್ ಬರಬೇಕಾದ್ದು 1,28,000 ರೂಪಾಯಿ. ಕೊನೆಯ ಬೆಸ್ಕಾಂ ಬಿಲ್ ಕಟ್ಟಿದ ರಸೀದಿಯನ್ನೂ ಖಾಲಿ ಮನೆಯ ಫೋಟೋಗಳನ್ನೂ ಬೀಗದ ಕೈ ಕೊಡುವ ಮುಂಚೆಯೇ ಓನರ್‌ಗೆ ಕಳಿಸಿಡಿ.