ಲೋಕಲ್‌ನ ನಾಲ್ಕನೇ ಸೀಟು, ಲಿಥಿಯಂನ ಮೂರನೇ ಎಲೆಕ್ಟ್ರಾನ್

ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಧಾರವಾಡ ಕಡೆಯ ಒಂದು ಮನೆಯವರಿದ್ದಾರೆ. ಅವರ ಮಗಳು ಬಿ.ಎಸ್ಸಿ. ಎರಡನೇ ವರ್ಷ. ಭಾನುವಾರ ನೋಟ್‌ಬುಕ್ ಹಿಡಿದು ನನ್ನ ಹತ್ತಿರ ಬರುತ್ತಾಳೆ. ಕಳೆದ ವಾರ ಹೇಳಿದಳು: "ಸರ್, ಪರಮಾಣು ಬೀಜಕ್ಕೆ ತೀರ ಹತ್ತಿರದ ಕವಚ 1s ಅಂದ್ರೆ ಇಬ್ಬರ ಸೀಟು. ಎಲೆಕ್ಟ್ರಾನ್‌ಗಳು ಒಂದನ್ನೊಂದು ತಳ್ಳುತ್ತವೆ. ಅದಕ್ಕೇ ಮೂರನೆಯದಕ್ಕೆ ಜಾಗ ಸಿಗಲ್ಲ, ಅಲ್ವಾ?"

ಕಾಲೇಜಿನಲ್ಲೂ ಪ್ರತಿ ವರ್ಷ ಇದೇ ಉತ್ತರ ಕೇಳುತ್ತೇನೆ. "ನಮ್ಮ ಮುಂಬೈ ಲೋಕಲ್ ರೈಲಿನಲ್ಲಿ ಮೂವರ ಸೀಟಿನಲ್ಲಿ ಎಷ್ಟು ಜನ ಕೂರ್ತಾರೆ?" ಎಂದೆ. "ನಾಲ್ಕು" ಎಂದಳು. ತಳ್ಳಾಟವೊಂದೇ ಅಡ್ಡಿಯಾದರೆ ಒತ್ತರಿಸಿಕೊಂಡು ಕೂರಬಹುದು. ನಿಲ್ಲುವುದಕ್ಕಿಂತ ಅದೇ ವಾಸಿ. ಲಿಥಿಯಂನ ಮೂರನೇ ಎಲೆಕ್ಟ್ರಾನ್‌ಗೂ ಅದೇ ವಾಸಿಯೇ? ಲೆಕ್ಕ ಹಾಕಿದೆವು.

ಲಿಥಿಯಂ ಬೀಜದ ಚಾರ್ಜ್ 3. ಮೂರೂ ಎಲೆಕ್ಟ್ರಾನ್‌ಗಳು 1s ನಲ್ಲೇ ಇವೆ ಎಂದುಕೊಳ್ಳಿ. ಪ್ರತಿಯೊಂದಕ್ಕೂ ಉಳಿದೆರಡು ಬೀಜವನ್ನು ಸ್ವಲ್ಪ ಮರೆಮಾಡುತ್ತವೆ. ಶಕ್ತಿ ಕನಿಷ್ಠವಾಗುವಂತೆ ಅಂದಾಜನ್ನು ಹೊಂದಿಸುವ ವೇರಿಯೇಷನಲ್ ಲೆಕ್ಕದಲ್ಲಿ ಒಂದೊಂದರ ಮರೆ 5/16. ಹಾಗಾಗಿ ಕಾಣುವ ಚಾರ್ಜ್ 2.375. ಒಟ್ಟು ಶಕ್ತಿ:

E = −3 × 13.6 × (2.375)² ≈ −230 eV

ತಳ್ಳಾಟವೆಲ್ಲ ಇದರೊಳಗೇ ಸೇರಿದೆ. ಇನ್ನು ನಿಜವಾದ ಲಿಥಿಯಂ. ಮೂರೂ ಎಲೆಕ್ಟ್ರಾನ್‌ಗಳನ್ನು ಒಂದೊಂದಾಗಿ ಕೀಳಲು ಬೇಕಾದದ್ದು 5.39, 75.64 ಮತ್ತು 122.45 eV. ಕೂಡಿದರೆ ಸುಮಾರು 203.5. ಅಂದರೆ ಮೂರೂ ಒಟ್ಟಿಗೆ ಕೂತರೆ ಪರಮಾಣು ಸುಮಾರು 27 eV ಕೆಳಗಿಳಿಯುತ್ತಿತ್ತು. ಈ ವಿಧಾನ ಕೊಡುವ ಶಕ್ತಿ ಯಾವತ್ತೂ ನಿಜವಾದ ಕನಿಷ್ಠಕ್ಕಿಂತ ಕೆಳಗೆ ಹೋಗುವುದಿಲ್ಲ. ಆದ್ದರಿಂದ ಲಾಭ ಇದಕ್ಕಿಂತ ಜಾಸ್ತಿಯೇ ಇದ್ದೀತು, ಕಡಿಮೆಯಂತೂ ಅಲ್ಲ. ಇಷ್ಟು ಲಾಭವಿದ್ದರೂ ಮೂರನೆಯದು ಒಳಗೆ ಹೋಗುವುದಿಲ್ಲ. ಹಾಗಾದರೆ ತಡೆಯುತ್ತಿರುವುದು ತಳ್ಳಾಟವಲ್ಲ.

ತಡೆ ಬೇರೆ ಕಡೆಯಿಂದ ಬರುತ್ತದೆ. ಎರಡು ಎಲೆಕ್ಟ್ರಾನ್‌ಗಳಿಗೆ ಗುರುತಿನ ಚೀಟಿ ಇಲ್ಲ. ಅದಲು ಬದಲು ಮಾಡಿದರೆ ಅಳೆಯುವ ಯಾವುದೂ ಬದಲಾಗಬಾರದು. ನಾವು ಅಳೆಯುವುದು ಎಲೆಕ್ಟ್ರಾನ್‌ಗಳ ಸ್ಥಿತಿಯನ್ನು ಹೇಳುವ ವೇವ್ ಫಂಕ್ಷನ್‌ನ ವರ್ಗವನ್ನು. ಆದ್ದರಿಂದ ಫಂಕ್ಷನ್ ಹಾಗೇ ಉಳಿಯಬಹುದು, ಇಲ್ಲವೇ ಚಿಹ್ನೆ ಬದಲಿಸಬಹುದು. ಎಲೆಕ್ಟ್ರಾನ್‌ನಂಥ ಫರ್ಮಿಯಾನ್‌ಗಳದ್ದು ಚಿಹ್ನೆ ಬದಲಿಸುವ ದಾರಿ. ಇದೇ ಆಂಟಿಸಿಮೆಟ್ರಿ. a ಮತ್ತು b ಎಂಬ ಎರಡು ಸ್ಥಿತಿಗಳಲ್ಲಿ ಎರಡು ಎಲೆಕ್ಟ್ರಾನ್ ಇದ್ದರೆ ಹೀಗೆ ಬರೆಯುತ್ತೇವೆ:

ψ = a(1)b(2) − a(2)b(1)

ಈಗ b ಇರುವಲ್ಲೂ a ಹಾಕಿ ನೋಡಿ. ಸೊನ್ನೆ. ಹಾಗಾಗುವುದು ಅಪರೂಪ ಎಂದಲ್ಲ, ಅಂಥ ಸ್ಥಿತಿಯೇ ಇಲ್ಲ. ಸೀಟು ತುಂಬಿದೆ ಎನ್ನುವ ಮಾತು ಇದಕ್ಕೆ ಹೊಂದುವುದಿಲ್ಲ. ಒತ್ತರಿಸಲು ಅಲ್ಲಿ ಸೀಟೇ ಇಲ್ಲ.

1s ನಲ್ಲಿ ಸ್ಥಿತಿಗಳು ಎರಡೇ, ಸ್ಪಿನ್ ಮೇಲೆ ಮತ್ತು ಸ್ಪಿನ್ ಕೆಳಗೆ. ಮೂರು ಎಲೆಕ್ಟ್ರಾನ್ ಹಾಕಿದರೆ ಎರಡು ಒಂದೇ ಸ್ಥಿತಿಯಲ್ಲಿ ಬಂದೇ ಬರುತ್ತವೆ. ಮೂರಕ್ಕೆ ಮೇಲಿನ ಸೂತ್ರವನ್ನು ಡಿಟರ್ಮಿನೆಂಟ್ ಆಗಿ ಬರೆಯುತ್ತೇವೆ. ಅದರಲ್ಲಿ ಎರಡು ಸಾಲು ಒಂದೇ ಆಗಿ ಮತ್ತೆ ಸೊನ್ನೆ. ಹುಡುಗಿ ಇದನ್ನು ತಾನೇ ಬಿಡಿಸಿದಳು. ಆಮೇಲೆ "ಮೈನಸ್ಸೇ ಯಾಕೆ ಸರ್?" ಎಂದಳು. ಒಳ್ಳೆಯ ಪ್ರಶ್ನೆ. ಅವಳ ಪಠ್ಯದಲ್ಲಿ ಅದನ್ನು ನಿಯಮವೆಂದೇ ಒಪ್ಪಿಕೊಳ್ಳುತ್ತಾರೆ. ಪೌಲಿ ಈ ನಿಷೇಧವನ್ನು ಹೇಳಿದ್ದು 1925ರಲ್ಲಿ. ಅರ್ಧ ಸ್ಪಿನ್ ಇರುವ ಕಣಗಳಿಗೆ ಮೈನಸ್ ಏಕೆ ಬೇಕು ಎಂದು ಅವರು ತೋರಿಸಿದ್ದು 1940ರಲ್ಲಿ, ಅದೂ ಕ್ವಾಂಟಂ ಸಿದ್ಧಾಂತಕ್ಕೆ ಸಾಪೇಕ್ಷತೆಯನ್ನು ಸೇರಿಸಿ.

ಒಂದು ಎಚ್ಚರಿಕೆ. 1s, 2s ಎಂಬ ಪ್ರತ್ಯೇಕ ಮನೆಗಳು ನಮ್ಮ ಅಂದಾಜು. ಎಲೆಕ್ಟ್ರಾನ್‌ಗಳು ಒಂದರ ಚಲನೆಗೆ ಇನ್ನೊಂದು ಹೊಂದಿಕೊಳ್ಳುವುದರಿಂದ ಆ ಗೆರೆಗಳು ಮಸುಕಾಗುತ್ತವೆ. ಆಂಟಿಸಿಮೆಟ್ರಿ ಮಾತ್ರ ಅಂದಾಜಲ್ಲ.

ಇದನ್ನು ಕಣ್ಣಾರೆ ನೋಡಬಹುದು. ಲ್ಯಾಬ್‌ನಲ್ಲಿ ಲಿಥಿಯಂ ಲವಣವನ್ನು ಜ್ವಾಲೆಗೆ ಹಿಡಿದರೆ ಕೆಂಪು ಬಣ್ಣ ಬರುತ್ತದೆ, 670.8 ನ್ಯಾನೋಮೀಟರ್. ಹೊರಗಿನ ಎಲೆಕ್ಟ್ರಾನ್ 2p ಇಂದ 2s ಗೆ ಇಳಿದು 1.85 eV ಬಿಟ್ಟುಕೊಡುತ್ತದೆ. 2s ಎಲೆಕ್ಟ್ರಾನ್ ಬೀಜದ ಹತ್ತಿರಕ್ಕೆ ಜಾಸ್ತಿ ನುಸುಳುವುದರಿಂದ ಅದೇ ಕೆಳಗಿನ ಮೆಟ್ಟಿಲು. ಅಲ್ಲಿಗೆ ಇಳಿಯುವುದು ನಿಂತಿತು. 1s ಗೆ ದಾರಿ ಇದ್ದಿದ್ದರೆ ಇನ್ನೂ 27 eV ಬೆಳಕು ಬರಬೇಕಿತ್ತು, 46 ನ್ಯಾನೋಮೀಟರ್ ಹತ್ತಿರದ ನೇರಳಾತೀತ. ಅದು ಬರುವುದೇ ಇಲ್ಲ. ಹೀಲಿಯಂನ ಎಲೆಕ್ಟ್ರಾನ್ ಒಂದನ್ನು ಕೀಳಲು 24.59 eV ಬೇಕು, ಪಕ್ಕದ ಲಿಥಿಯಂಗೆ 5.39 ಸಾಕು. ಎರಡನೇ ಕವಚ ಶುರುವಾಯಿತು ಎಂದರೆ ಇಷ್ಟೇ ಅರ್ಥ.

ಅಷ್ಟರಲ್ಲಿ ಕತ್ತಲಾಗಿತ್ತು. ನಮ್ಮ ಓಣಿಯ ತುದಿಯಲ್ಲಿ ಇನ್ನೂ ಒಂದು ಹಳದಿ ಸೋಡಿಯಂ ದೀಪ ಉಳಿದಿದೆ. ಹುಡುಗಿ ಕಿಟಕಿಯಿಂದ ಅದನ್ನೇ ನೋಡುತ್ತ, "ಅಲ್ಲಿ 3p ಇಂದ 3s ಗೆ, ಅಲ್ವಾ ಸರ್? ಕೆಳಗೆ ಹತ್ತು ಸ್ಥಿತಿ, ಹತ್ತು ಎಲೆಕ್ಟ್ರಾನ್. ಹನ್ನೊಂದನೆಯದು 3s ನಲ್ಲೇ ನಿಲ್ಲಬೇಕು" ಎಂದಳು. ಹೌದು ಎಂದೆ.