ಹಾರ್ನ್ ಕೇಳಿದ ಬೆಕ್ಕು ಕಲಿತದ್ದು ಯಾವುದನ್ನು?

ಪ್ರಶ್ನೆ: ಕಾರವಾರದಲ್ಲಿ ಬಿ.ಎಡ್. ಓದುತ್ತಿದ್ದೇನೆ. ಕ್ಲಾಸಿಕಲ್ ಕಂಡೀಷನಿಂಗ್ ಯಾವುದು, ಆಪರೆಂಟ್ ಯಾವುದು ಅಂತ ಪ್ರತಿ ಸಲ ಅದಲುಬದಲಾಗುತ್ತದೆ. ಬಹುಮಾನ ಇದ್ದರೆ ಆಪರೆಂಟ್ ಅಂದುಕೊಂಡರೆ ಸಾಕಲ್ವಾ?

ಸಾಲದು. ಹೆಚ್ಚಿನವರು ಎಡವುವುದೇ ಅಲ್ಲಿ. ಕ್ಲಾಸಿಕಲ್ ಪ್ರಯೋಗ ಮಾಡಿದ ಪಾವ್ಲೋವ್ ಅವರ ನಾಯಿಗೂ ತಿನ್ನಲು ಸಿಗುತ್ತಿತ್ತು, ಆಪರೆಂಟ್ ಪ್ರಯೋಗ ಮಾಡಿದ ಸ್ಕಿನ್ನರ್ ಅವರ ಇಲಿಗೂ ಸಿಗುತ್ತಿತ್ತು. ನೋಡಬೇಕಾದದ್ದು ಆ ತಿಂಡಿ ಯಾವುದರ ಬೆನ್ನಿಗೆ ಬಂತು ಅನ್ನುವುದನ್ನು.

ನಿಮ್ಮ ಬೀದಿಯ ಬೆಕ್ಕನ್ನೇ ತೆಗೆದುಕೊಳ್ಳಿ. ಬೈತಕೋಲ್ ಬಂದರಿನಿಂದ ಮೀನು ತಂದವನು ಬೈಕ್ ನಿಲ್ಲಿಸಿ ಹಾರ್ನ್ ಹೊಡೆಯುತ್ತಾನೆ, ಪಕ್ಕದಲ್ಲೇ ಮಲಗಿದ ಬೆಕ್ಕಿನ ಮುಂದೆ ಒಂದು ತಾರ್ಲೆ ಎಸೆಯುತ್ತಾನೆ. ಹೀಗೆ ಕೆಲವು ದಿನ ನಡೆದ ಮೇಲೆ ಬರೀ ಹಾರ್ನ್ ಕೇಳಿದರೂ ಬೆಕ್ಕಿನ ಬಾಯಲ್ಲಿ ನೀರು ಬರುತ್ತದೆ. ಬೆಕ್ಕು ಏನೂ ಮಾಡಿಲ್ಲ, ಸುಮ್ನೆ ಮಲಗಿದ್ದರೂ ಮೀನು ಬರುತ್ತಿತ್ತು. ಇದು ಕ್ಲಾಸಿಕಲ್. ಹಾರ್ನ್ ಮೊದಲು, ಮೀನು ನಂತರ ಬರಬೇಕು. ಮೀನು ತಿಂದಾದ ಮೇಲೆ ಹಾರ್ನ್ ಹೊಡೆದರೆ ಈ ಕಲಿಕೆ ಸರಿಯಾಗಿ ಆಗುವುದಿಲ್ಲ.

ಅದೇ ಬೆಕ್ಕು ಮಧ್ಯಾಹ್ನ ಅಡುಗೆಮನೆ ಬಾಗಿಲಲ್ಲಿ ಕೂತು ಮಿಯಾಂವ್ ಅನ್ನುತ್ತದೆ, ಅಮ್ಮ ಬಂಗಡೆ ತಲೆ ಹಾಕುತ್ತಾರೆ. ನಾಳೆ ಇನ್ನೂ ಜಾಸ್ತಿ ಕೂಗುತ್ತದೆ. ಕೂಗದಿದ್ದರೆ ತಲೆ ಸಿಗುತ್ತಿರಲಿಲ್ಲ. ಸ್ಕಿನ್ನರ್ ಪೆಟ್ಟಿಗೆಯಲ್ಲಿ ಇಲಿ ಸನ್ನೆಕೋಲು ಒತ್ತಿದರೆ ಮಾತ್ರ ಕಾಳು ಬೀಳುತ್ತಿದ್ದುದೂ ಹೀಗೇ. ಇದು ಆಪರೆಂಟ್.

ನೆನಪಿಗೆ ಎರಡೇ ಅಕ್ಷರ: ಕ್ಲಾಸಿಕಲ್‌ನ ಕ ಅಂದರೆ ಕರೆ, ಆಪರೆಂಟ್‌ನ ಆ ಅಂದರೆ ಆಮೇಲೆ. ಒಂದರಲ್ಲಿ ಮುಂಚೆ ಬರುವ ಕರೆ ಮೈಯನ್ನು ತಾನಾಗಿಯೇ ಸಿದ್ಧ ಮಾಡುತ್ತದೆ, ಇನ್ನೊಂದರಲ್ಲಿ ತಾನು ಮಾಡಿದ ಕೆಲಸಕ್ಕೆ ಆಮೇಲೆ ಏನು ಸಿಕ್ಕಿತು ಅನ್ನುವುದು ಆ ಕೆಲಸವನ್ನು ಹೆಚ್ಚಿಸುತ್ತದೆ ಅಥವಾ ಕಡಿಮೆ ಮಾಡುತ್ತದೆ. ಅನುಮಾನ ಬಂದರೆ ಒಂದೇ ಪ್ರಶ್ನೆ ಕೇಳಿ: ಪ್ರಾಣಿ ಏನೂ ಮಾಡದಿದ್ದರೂ ಅದು ಸಿಗುತ್ತಿತ್ತಾ? ಹೌದು ಅಂದರೆ ಕ್ಲಾಸಿಕಲ್.

ಈಗ ಸ್ವಲ್ಪ ಕಷ್ಟದ್ದು. ಮೀನಿನವನು ಗೇಟಿನವರೆಗೆ ಬಂದ ಬೆಕ್ಕಿಗೆ ಮಾತ್ರ ಮೀನು ಕೊಡುತ್ತಾನೆ ಅನ್ನಿ. ಹಾರ್ನ್ ಕೇಳಿ ಬಾಯಲ್ಲಿ ನೀರೂರುವುದು ಕ್ಲಾಸಿಕಲ್, ಎದ್ದು ಗೇಟಿಗೆ ಓಡುವುದು ಆಪರೆಂಟ್. ನಿಜ ಜೀವನದಲ್ಲಿ ಎರಡೂ ಹೀಗೆ ಒಟ್ಟಿಗೇ ಇರುತ್ತವೆ. ಪರೀಕ್ಷೆಯಲ್ಲಿ ಇಡೀ ಘಟನೆಗೆ ಒಂದೇ ಹೆಸರು ಕೊಡಬೇಡಿ, ಯಾವ ವರ್ತನೆಯನ್ನು ಕೇಳಿದ್ದಾರೆ ಅಂತ ಮೊದಲು ನೋಡಿ.

ಕಲಿತದ್ದನ್ನು ಬಿಡಿಸುವ ದಾರಿಯೂ ಬೇರೆ. ಮೀನಿಲ್ಲದ ಬರೀ ಹಾರ್ನ್ ಮತ್ತೆ ಮತ್ತೆ ಕೇಳಿದರೆ ನೀರೂರುವುದು ಕಡಿಮೆಯಾಗುತ್ತಾ ಹೋಗುತ್ತದೆ. ಕೂಗು ನಿಲ್ಲಬೇಕಾದರೆ ಅಮ್ಮ ತಲೆ ಹಾಕುವುದನ್ನು ಪೂರ್ತಿ ನಿಲ್ಲಿಸಬೇಕು. ಮೊದಮೊದಲು ಬೆಕ್ಕು ಇನ್ನೂ ಜೋರಾಗಿ ಕೂಗಬಹುದು, ಆಗ ಪಾಪ ಅಂತ ಒಮ್ಮೊಮ್ಮೆ ಹಾಕಿದರೆ ಆ ಅಭ್ಯಾಸ ದಿನಾ ಹಾಕಿದ್ದಕ್ಕಿಂತ ಗಟ್ಟಿಯಾಗಿ ಉಳಿಯುತ್ತದೆ.